38 ಸ್ಲೈಡಿನ ಪಿಪಿಟಿ, ಓದುವವರು ಮೂವರು: ಎಷ್ಟು ಕತ್ತರಿಸಿದೆ, ಎಲ್ಲಿ ಕೈ ಸುಟ್ಟುಕೊಂಡೆ

ನಮ್ಮದು ಪೀಣ್ಯದಲ್ಲಿ ಒಂದು ಮೆಷಿನ್ ಶಾಪ್. ಅಲ್ಲಿ ಮೇಂಟೆನೆನ್ಸ್ ನನ್ನ ಪಾಲು. ಕೆಲವು ತಿಂಗಳಿಂದ ಕರೆಂಟ್ ಬಿಲ್ಲಿನಲ್ಲಿ ಪವರ್ ಫ್ಯಾಕ್ಟರ್ 0.82 ಅಂತ ಬರುತ್ತಿತ್ತು, ಅದಕ್ಕೆ ದಂಡವೂ ಬೀಳುತ್ತಿತ್ತು. ಕೆಪಾಸಿಟರ್ ಪ್ಯಾನೆಲ್ ಹಾಕಿಸಿದರೆ ಇದು ಸರಿಹೋಗುತ್ತದೆ. ಹಾಕಿಸೋಣ ಅಂತ ಹೇಳೋದಕ್ಕೆ ಒಂದು ಪಿಪಿಟಿ ಮಾಡಿದೆ. ಮಾಡುತ್ತಾ ಮಾಡುತ್ತಾ ಅದು 38 ಸ್ಲೈಡ್ ಆಯಿತು.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಮೋಟಾರು ತಿರುಗಬೇಕಾದರೆ ಅದರೊಳಗೆ ಆಯಸ್ಕಾಂತ ಹುಟ್ಟಬೇಕು. ಅದಕ್ಕೆ ಅಂತ ಒಂದಷ್ಟು ಕರೆಂಟ್ ಲೈನಿನಿಂದ ಬಂದು ವಾಪಸ್ ಹೋಗುತ್ತಾ ಇರುತ್ತದೆ. ಅದು ಕೆಲಸ ಮಾಡುವ ಕರೆಂಟಲ್ಲ, ಆದರೂ ತಂತಿಯಲ್ಲಿ ಜಾಗ ತಿನ್ನುತ್ತದೆ. ಅದನ್ನು ಅಳೆಯುವುದು ಕೆವಿಎಆರಿನಲ್ಲಿ. ಕೆಲಸ ಮಾಡುವ ಪಾಲು ಕಿಲೋವ್ಯಾಟ್. ಎರಡೂ ಸೇರಿ ಲೈನಿಂದ ಎಳೆಯುವುದು ಕೆವಿಎ. ಕಿಲೋವ್ಯಾಟನ್ನು ಕೆವಿಎಯಿಂದ ಭಾಗಿಸಿದರೆ ಪವರ್ ಫ್ಯಾಕ್ಟರ್. ಕೆಪಾಸಿಟರ್ ಇಟ್ಟರೆ ಆ ಹೋಗಿಬರುವ ಕರೆಂಟನ್ನು ಪಕ್ಕದಲ್ಲೇ ನಿಂತು ಕೊಡುತ್ತದೆ, ಲೈನಿನಿಂದ ತರಿಸಿಕೊಳ್ಳುವುದು ತಪ್ಪುತ್ತದೆ.

ಓದಬೇಕಾದವರು ಮೂವರು. ದುಡ್ಡು ಬಿಡುಗಡೆ ಮಾಡಬೇಕಾದ ಯಜಮಾನರು. ಅವರು ಏನಿದ್ದರೂ ತುಮಕೂರು ರೋಡಿನ ಟ್ರಾಫಿಕ್ಕಿನಲ್ಲಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಫೋನಲ್ಲಿ ಓದುವವರು. ಎರಡನೆಯವನು ನಮ್ಮದೇ ದಾಬಸ್‌ಪೇಟೆ ಯೂನಿಟ್ಟಿನಲ್ಲಿ ನನ್ನದೇ ಕೆಲಸ ಮಾಡುವ ಗೆಳೆಯ. ಅವನು ನನ್ನ ಲೆಕ್ಕ ನೋಡಿ ತಪ್ಪು ಹೇಳಬೇಕು, ಆಮೇಲೆ ಅಲ್ಲಿಗೂ ಇಂಥದ್ದೇ ಹಾಕಿಸಬೇಕು. ಮೂರನೆಯವನು ಐಟಿಐ ಮುಗಿಸಿ ಎರಡು ತಿಂಗಳ ಹಿಂದೆ ಸೇರಿದ ಹುಡುಗ. ಪ್ಯಾನೆಲ್ ಬಂದ ಮೇಲೆ ದಿನಾ ಅದನ್ನು ನೋಡಿಕೊಳ್ಳುವವನು ಅವನೇ.

ಮೊದಲ ಸಲ: ಫಾಂಟ್ ಇಳಿಸಿದೆ

ಎಲ್ಲರೂ ಮಾಡುವುದನ್ನೇ ಮಾಡಿದೆ. ಮೂರು ಮೂರು ಸ್ಲೈಡ್ ಸೇರಿಸಿ ಒಂದು ಮಾಡಿದೆ, 18ರ ಫಾಂಟನ್ನು 11ಕ್ಕೆ ಇಳಿಸಿದೆ. 38 ಇದ್ದದ್ದು 13 ಆಯಿತು. ಅದನ್ನೇ ಮೂವರಿಗೂ ಕಳಿಸಿದೆ.

ಯಜಮಾನರಿಂದ ಸಂಜೆ ಫೋನ್ ಬಂತು. "ರೀ, ಏನೂ ಕಾಣ್ತಾ ಇಲ್ಲ. ಎಷ್ಟು ಖರ್ಚು ಅಂತ ಎಲ್ಲಿ ಬರೆದಿದ್ದೀರಿ?" ಒಂಬತ್ತನೇ ಸ್ಲೈಡಿನಲ್ಲಿ ಬರೆದಿದ್ದೆ, ಎಡಗಡೆ, ಕೆಳಗೆ.

ಕಾಣದೇ ಇದ್ದದ್ದಕ್ಕೆ ಅವರ ಕಣ್ಣು ಕಾರಣ ಅಲ್ಲ. ಮಾಮೂಲಿ ಅಗಲ ಸ್ಲೈಡು 13.33 ಇಂಚು, ಅಂದರೆ ಸುಮಾರು 34 ಸೆಂಟಿಮೀಟರ್. ಉದ್ದಕ್ಕೆ ಹಿಡಿದ ಫೋನಿನ ಪರದೆ 7 ಸೆಂಟಿಮೀಟರ್ ಇದ್ದರೆ ಹೆಚ್ಚು. ಅಂದರೆ ಎಲ್ಲವೂ ಐದನೇ ಒಂದು ಭಾಗಕ್ಕೆ ಕುಗ್ಗುತ್ತದೆ. ನನ್ನ 11ರ ಅಕ್ಷರ ಅವರಿಗೆ 2ರ ಅಕ್ಷರವಾಗಿ ಕಂಡಿದೆ. ಔಷಧಿ ಚೀಟಿಯ ಹಿಂದಿನ ಬರಹವೇ ವಾಸಿ.

ಆದರೆ ನಿಜವಾದ ತಪ್ಪು ಫಾಂಟಿನದಲ್ಲ. ನಾನು ಕತ್ತರಿಸಿಯೇ ಇರಲಿಲ್ಲ. ಸುಮ್ನೆ ಒತ್ತಿ ತುಂಬಿದ್ದೆ, ಬಸ್ಸಿಗೆ ಜನ ತುಂಬಿದ ಹಾಗೆ. ಒಬ್ಬರೂ ಇಳಿದಿರಲಿಲ್ಲ.

ಗುರುತು ಹಾಕಿದ ಸಂಜೆ

ಮಾರನೇ ದಿನ ಶಿಫ್ಟ್ ಮುಗಿದ ಮೇಲೆ 38 ಸ್ಲೈಡುಗಳನ್ನೂ ಪ್ರಿಂಟ್ ತೆಗೆದೆ, ಒಂದು ಹಾಳೆಗೆ ಆರರಂತೆ. ಮೂರು ಬಣ್ಣದ ಪೆನ್ ತೆಗೆದುಕೊಂಡು ಒಬ್ಬೊಬ್ಬರನ್ನಾಗಿ ಕಣ್ಮುಂದೆ ತಂದುಕೊಂಡೆ. ಪ್ರತಿ ಸ್ಲೈಡಿಗೂ ಒಂದೇ ಪ್ರಶ್ನೆ. ಇದನ್ನು ಕಿತ್ತು ಹಾಕಿದರೆ ಈ ಮನುಷ್ಯ ಏನು ಮಾಡುತ್ತಾನೆ?

ಉತ್ತರ ನಾಲ್ಕೇ ಬಗೆ. ಒಂದು, ಏನೂ ಆಗಲ್ಲ, ಗಮನಿಸುವುದೂ ಇಲ್ಲ. ಎರಡು, ತಾನೇ ಲೆಕ್ಕ ಹಾಕಿ ಕಟ್ಟಿಕೊಳ್ಳುತ್ತಾನೆ. ಮೂರು, ನನ್ನನ್ನು ಕೇಳುತ್ತಾನೆ. ನಾಲ್ಕು, ಕೇಳದೇ ತಪ್ಪು ಮಾಡುತ್ತಾನೆ. ಮೊದಲೆರಡಕ್ಕೆ ಸೊನ್ನೆ ಹಾಕಿದೆ, ಮೂರನೆಯದಕ್ಕೆ ಗೆರೆ, ನಾಲ್ಕನೆಯದಕ್ಕೆ ಕತ್ತರಿ ಗುರುತು. ಸೊನ್ನೆಗಳು ಹೋಗುತ್ತವೆ, ಉಳಿದವು ಇರುತ್ತವೆ.

ಎಣಿಸಿದಾಗ ಯಜಮಾನರಿಗೆ 30 ಸೊನ್ನೆ. ಗೆಳೆಯನಿಗೆ 27. ಹುಡುಗನಿಗೆ 24. ಸಂಖ್ಯೆ ನೋಡಿದರೆ ಮೂವರೂ ಹೆಚ್ಚುಕಡಿಮೆ ಒಂದೇ. ಆದರೆ ಯಾವ ಸ್ಲೈಡಿಗೆ ಸೊನ್ನೆ ಅನ್ನುವುದು ಪೂರಾ ಬೇರೆ ಬೇರೆ. ಗೆಳೆಯನ ಸೊನ್ನೆಗಳಲ್ಲಿ ಬಹುಪಾಲು ಎರಡನೇ ಬಗೆಯವು. ಲೆಕ್ಕದ ಎರಡು ತುದಿ ಕೊಟ್ಟರೆ ಸಾಕು, ಮಧ್ಯದ ಹಾದಿ ಅವನಿಗೆ ಗೊತ್ತು. ಯಜಮಾನರ ಸೊನ್ನೆಗಳೆಲ್ಲ ಮೊದಲನೇ ಬಗೆಯವು. ಅವರಿಗೆ ಆ ಹಾದಿಯೇ ಬೇಡ. ಹುಡುಗನಿಗೆ ಎರಡನೇ ಬಗೆಯ ಸೊನ್ನೆ ಒಂದೂ ಬೀಳಲಿಲ್ಲ. ನಾನು ಬಿಟ್ಟದ್ದನ್ನು ಅವನು ಎಲ್ಲಿಂದ ತರಬೇಕು ಹೇಳಿ.

ಇಷ್ಟು ಮಾಡಿ ಎದ್ದಾಗ ಕೆಲಸ ಮುಗಿಯಿತು ಅಂದುಕೊಂಡೆ. ಮೂವರಲ್ಲಿ ಮೂವರಿಗೂ ಒಂದೊಂದು ಗುರುತು ತಪ್ಪು ಹಾಕಿದ್ದೆ ಅಂತ ಆಮೇಲೆ ಗೊತ್ತಾಯಿತು.

ಯಜಮಾನರದ್ದು: ಒಂದು ಸ್ಲೈಡ್, ಆಮೇಲೆ ಮೂರು

ಮೊದಲು ಒಂದೇ ಸ್ಲೈಡ್ ಮಾಡಿದೆ. "ಖರ್ಚು 4.2 ಲಕ್ಷ. ತಿಂಗಳಿಗೆ 44 ಸಾವಿರ ಉಳಿತಾಯ. ಹತ್ತು ತಿಂಗಳಲ್ಲಿ ದುಡ್ಡು ವಾಪಸ್." ನೋಡೋಕೆ ಬಹಳ ಚೆನ್ನಾಗಿತ್ತು. ಕಳಿಸುವ ಮುಂಚೆ ಅಕೌಂಟ್ಸ್ ಮೇಡಂಗೆ ತೋರಿಸಿದೆ, ಬಿಲ್ಲು ಕಟ್ಟುವವರು ಅವರೇ ಅಲ್ವಾ.

ಅವರು ಬಿಲ್ಲು ಮುಂದಿಟ್ಟರು. "ಡಿಮ್ಯಾಂಡ್ ಚಾರ್ಜ್ ಇಷ್ಟು ಕಡಿಮೆ ಆಗಲ್ಲ ಸರ್. ಮಿನಿಮಮ್ ಇದೆ."

ಲೆಕ್ಕ ಹೀಗಿತ್ತು. ನಮ್ಮ ಲೋಡ್ ಜಾಸ್ತಿ ಅಂದರೆ 300 ಕಿಲೋವ್ಯಾಟ್. ಪವರ್ ಫ್ಯಾಕ್ಟರ್ 0.82 ಇರುವಾಗ ಅದು ಮೀಟರಿನಲ್ಲಿ 366 ಕೆವಿಎ ಅಂತ ಬೀಳುತ್ತದೆ. 0.97ಕ್ಕೆ ತಂದರೆ 309. ಅಂದರೆ 57 ಕೆವಿಎ ಇಳಿಯುತ್ತದೆ. ಡಿಮ್ಯಾಂಡ್ ಚಾರ್ಜ್ ಅಂದರೆ ತಿಂಗಳಲ್ಲಿ ಎಳೆದ ಅತಿ ಹೆಚ್ಚು ಕೆವಿಎಗೆ ಕಟ್ಟುವ ದುಡ್ಡು. ಅದನ್ನು ಕೆವಿಎಗೆ 350 ರೂಪಾಯಿ ಅಂತ ದುಂಡಗೆ ಹಿಡಿದರೆ ತಿಂಗಳಿಗೆ ಸುಮಾರು 20 ಸಾವಿರ. ಇದರ ಜೊತೆಗೆ ದಂಡ. ನಮ್ಮ ಬಿಲ್ಲಿನಲ್ಲಿ 0.90ಕ್ಕಿಂತ ಕೆಳಗೆ ಪ್ರತಿ 0.01ಕ್ಕೆ ಯೂನಿಟ್ಟಿಗೆ 3 ಪೈಸೆ. ಎಂಟು ಮೆಟ್ಟಿಲು ಕೆಳಗಿದ್ದೆವು, 24 ಪೈಸೆ. ತಿಂಗಳಿಗೆ ಒಂದು ಲಕ್ಷ ಯೂನಿಟ್, ಅಂದರೆ 24 ಸಾವಿರ. ಎರಡೂ ಸೇರಿ 44 ಸಾವಿರ. (ದರ ಬದಲಾಗುತ್ತಾ ಇರುತ್ತದೆ. ನಿಮ್ಮದು ಮಾಡುವಾಗ ನಿಮ್ಮ ಬಿಲ್ಲೇ ನೋಡಿ.)

ಆದರೆ ನಮ್ಮ ಕಾಂಟ್ರ್ಯಾಕ್ಟ್ ಡಿಮ್ಯಾಂಡ್, ಅಂದರೆ ಇಷ್ಟರವರೆಗೆ ಎಳೆಯುತ್ತೇವೆ ಅಂತ ಕರೆಂಟ್ ಕಂಪನಿ ಜೊತೆ ಒಪ್ಪಿಕೊಂಡದ್ದು, 400 ಕೆವಿಎ. ಮೀಟರಿನಲ್ಲಿ ಎಷ್ಟೇ ಕಡಿಮೆ ಬಿದ್ದರೂ ಅದರ ಶೇಕಡಾ 85ಕ್ಕೆ, ಅಂದರೆ 340ಕ್ಕೆ ದುಡ್ಡು ಕಟ್ಟಲೇಬೇಕು. 309ಕ್ಕೆ ಇಳಿಸಿದರೂ ಬಿಲ್ಲು 340ರದ್ದೇ. ಉಳಿಯುವುದು 57 ಅಲ್ಲ, ಬರೀ 26 ಕೆವಿಎ. ಆಗ ಡಿಮ್ಯಾಂಡಿನ ಉಳಿತಾಯ 9 ಸಾವಿರ, ಒಟ್ಟು 33 ಸಾವಿರ. ಹತ್ತು ತಿಂಗಳು ಅಂದದ್ದು ಹದಿಮೂರಾಗುತ್ತದೆ. ಕಾಂಟ್ರ್ಯಾಕ್ಟ್ ಡಿಮ್ಯಾಂಡನ್ನು 350ಕ್ಕೆ ಇಳಿಸಿಕೊಂಡರೆ ಮಾತ್ರ ಹತ್ತು ತಿಂಗಳ ಲೆಕ್ಕ ನಿಲ್ಲುತ್ತದೆ. ಅದಕ್ಕೆ ಅರ್ಜಿ ಹಾಕಬೇಕು, ಯಜಮಾನರ ಸಹಿ ಬೇಕು.

ತಮಾಷೆ ಏನೆಂದರೆ ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಮೂಲ ಪಿಪಿಟಿಯ 27ನೇ ಸ್ಲೈಡಿನ ಕೊನೇ ಸಾಲಿನಲ್ಲಿ ಇತ್ತು. ಅವರಿಗೆ ಕಾಂಟ್ರ್ಯಾಕ್ಟ್ ಡಿಮ್ಯಾಂಡ್ ಅಂದರೇನು ಅಂತ ಗೊತ್ತಿಲ್ಲ, ಆದ್ದರಿಂದ ತೆಗೆದರೆ ಏನೂ ಆಗಲ್ಲ ಅಂತ ಸೊನ್ನೆ ಹಾಕಿದ್ದೆ. ಗೊತ್ತಿಲ್ಲದ ವಿಷಯಕ್ಕೂ ಬೇಡದ ವಿಷಯಕ್ಕೂ ವ್ಯತ್ಯಾಸ ಇದೆ. ಅವರಿಗೆ ಗೊತ್ತಿಲ್ಲ ಅನ್ನೋದೇ ಅಲ್ಲಿ ಅಪಾಯ. ಅವರು ಕೇಳುವುದೂ ಇಲ್ಲ. ಹತ್ತು ತಿಂಗಳು ಅಂತ ನಂಬುತ್ತಾರೆ, ಹನ್ನೊಂದನೇ ತಿಂಗಳು ನನ್ನನ್ನು ಕರೆಸುತ್ತಾರೆ. ಅದು ಕತ್ತರಿ ಗುರುತಿನ ಸ್ಲೈಡು.

ಕೊನೆಗೆ ಅವರದ್ದು ಮೂರು ಸ್ಲೈಡ್ ಆಯಿತು. ಮೊದಲನೆಯದು ಏನು ಬೇಕು ಅನ್ನುವುದು: 4.2 ಲಕ್ಷ ಮತ್ತು ಎರಡು ಸಹಿ, ಒಂದು ಆರ್ಡರಿಗೆ, ಇನ್ನೊಂದು ಅರ್ಜಿಗೆ. ಎರಡನೆಯದು ಉಳಿತಾಯ, ಹೀಗೆ ಬರೆದೆ: "ಪ್ಯಾನೆಲ್ ಮಾತ್ರ ಹಾಕಿದರೆ ತಿಂಗಳಿಗೆ 33 ಸಾವಿರ, 13 ತಿಂಗಳಲ್ಲಿ ವಾಪಸ್. ಕಾಂಟ್ರ್ಯಾಕ್ಟ್ ಡಿಮ್ಯಾಂಡ್ 350ಕ್ಕೆ ಇಳಿಸಿದರೆ 44 ಸಾವಿರ, 10 ತಿಂಗಳು." ಮೂರನೆಯದು ಹಾಕದಿದ್ದರೆ ಏನು ಅನ್ನುವುದು: ದಂಡ ತಿಂಗಳಿಗೆ 24 ಸಾವಿರ, ಹೀಗೇ ನಡೆಯುತ್ತದೆ. ಮತ್ತೆ ಒಂದು ಎಚ್ಚರಿಕೆ: ಮುಂದಿನ ವರ್ಷ ಎರಡು ಹೊಸ ಮೆಷಿನ್ ತರುವುದಿದ್ದರೆ ಡಿಮ್ಯಾಂಡ್ ಇಳಿಸಬೇಡಿ. ಈ ಕೊನೇ ಸಾಲು ಹಾಕಬೇಕೋ ಬೇಡವೋ ಅಂತ ಅರ್ಧ ಗಂಟೆ ಕೂತಿದ್ದೆ. ಮೆಷಿನ್ ತರುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ, ಅವರಿಗೆ ಮಾತ್ರ ಗೊತ್ತು. ಅದಕ್ಕೇ ಹಾಕಿದೆ.

ಪವರ್ ಫ್ಯಾಕ್ಟರ್ ಅಂದರೇನು ಅಂತ ಒಂದು ಸಾಲೂ ಇಲ್ಲ. 150 ಕೆವಿಎಆರ್ ಅನ್ನೋ ಮಾತೂ ಇಲ್ಲ. "ಒಂದು ಪ್ಯಾನೆಲ್" ಅಷ್ಟೇ.

ಗೆಳೆಯನದ್ದು: ನಾನು ಬಿಟ್ಟ ಒಂದು ವೋಲ್ಟೇಜು

ಇವನದ್ದು ಸುಲಭ ಅಂದುಕೊಂಡಿದ್ದೆ. ಲೆಕ್ಕದ ಐದು ಸ್ಲೈಡುಗಳನ್ನು ಒಂದೇ ಸಾಲು ಮಾಡಿದೆ:

```
kVAr = 300 × (0.698 − 0.251) = 134
```

0.82 ಮತ್ತು 0.97ಕ್ಕೆ ಟ್ಯಾನ್ ಬೆಲೆಗಳು ಅವು. ಅವನಿಗೆ ಹೇಳಬೇಕಿಲ್ಲ. ಕೆಳಗೆ "ಪ್ಯಾನೆಲ್ 150 ಕೆವಿಎಆರ್, 25ರದ್ದು ಐದು, 12.5ರದ್ದು ಎರಡು, 7% ರಿಯಾಕ್ಟರ್ ಜೊತೆ" ಅಂತ ಬರೆದೆ. 7% ಯಾಕೆ ಅಂತ ವಿವರಿಸಲಿಲ್ಲ. ಸಿಎನ್‌ಸಿ, ಡ್ರೈವ್ ಎಲ್ಲ ಇರುವ ಕಡೆ ಐದನೇ ಹಾರ್ಮೋನಿಕ್ಕು, ಅಂದರೆ ಲೈನಿನ 50 ಹರ್ಟ್ಸಿನ ಐದು ಪಟ್ಟು ವೇಗದ ಅಲೆ, 250 ಹರ್ಟ್ಸಿನಲ್ಲಿ ಕಾಟ ಕೊಡುತ್ತದೆ. ಕೆಪಾಸಿಟರಿನ ಜೊತೆ 7% ರಿಯಾಕ್ಟರ್ ಅನ್ನೋ ತಂತಿ ಸುರುಳಿ ಹಾಕಿದರೆ ಅವೆರಡರ ಟ್ಯೂನಿಂಗ್ 189 ಹರ್ಟ್ಸಿಗೆ ಬಂದು ಕೂರುತ್ತದೆ, ಅದರ ಕೆಳಗೆ. ಇದನ್ನು ಮೂಲದಲ್ಲಿ ಮೂರು ಸ್ಲೈಡಿನಲ್ಲಿ ಬಿಡಿಸಿದ್ದೆ. ಅವನಿಗೆ "7%" ಅನ್ನೋ ಎರಡು ಅಕ್ಷರ ಸಾಕು, ಇಡೀ ಕತೆ ಅದರಲ್ಲೇ ಇದೆ.

ಒಂಬತ್ತು ಸ್ಲೈಡ್ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್.

"ಗುರು, 150 ಅಂದ್ಯಲ್ಲ, ಯಾವ ವೋಲ್ಟೇಜಲ್ಲಿ 150?"

ನಾನು ಒಂದು ಕ್ಷಣ ಸುಮ್ಮನಾದೆ. ಎರಡು ಕಡೆಯಿಂದ ಕೊಟೇಶನ್ ಬಂದಿತ್ತು, ಎರಡರಲ್ಲೂ 150 ಅಂತಿತ್ತು. ಕಡಿಮೆ ದರದ್ದನ್ನು ಮೇಲಿಟ್ಟಿದ್ದೆ. ಕೆಪಾಸಿಟರ್ ಕೊಡುವ ಕೆವಿಎಆರ್ ವೋಲ್ಟೇಜನ್ನು ವೋಲ್ಟೇಜಿನಿಂದಲೇ ಗುಣಿಸಿದ್ದರ ಮೇಲೆ ನಿಂತಿದೆ. ದುಬಾರಿ ಕೊಟೇಶನ್ನಿನ 150 ಅನ್ನೋದು ರಿಯಾಕ್ಟರ್ ಸೇರಿ 440 ವೋಲ್ಟಿನಲ್ಲಿ. ನಮ್ಮ ಲೈನು 415. ಅಲ್ಲಿ ಅದು 133 ಕೊಡುತ್ತದೆ, ಬೇಕಾದದ್ದು 134, ಸರಿಹೋಯಿತು. ಅಗ್ಗದ್ದರಲ್ಲಿ 150 ಅನ್ನೋದು ಕೆಪಾಸಿಟರಿನ ಮೈಮೇಲೆ 525 ವೋಲ್ಟಿಗೆ ಬರೆದಿರುವ ಸಂಖ್ಯೆ. 415ರಲ್ಲಿ, ರಿಯಾಕ್ಟರಿನಿಂದ ವೋಲ್ಟೇಜು ಸ್ವಲ್ಪ ಏರುವುದನ್ನೂ ಸೇರಿಸಿ, ಅದು ಕೊಡುವುದು ಸುಮಾರು 101. ಅದನ್ನು ಹಾಕಿದ್ದರೆ ಪವರ್ ಫ್ಯಾಕ್ಟರ್ 0.94ರ ಹತ್ತಿರ ನಿಲ್ಲುತ್ತಿತ್ತು. ದಂಡ ತಪ್ಪುತ್ತಿತ್ತು, ಡಿಮ್ಯಾಂಡು 309ರ ಬದಲು 319 ಆಗುತ್ತಿತ್ತು. ಕೆಟ್ಟದ್ದೇನಲ್ಲ, ಆದರೆ ಯಜಮಾನರಿಗೆ ಹೇಳಿದ ಸಂಖ್ಯೆ ಅದಲ್ಲ. (525ರ ಕೆಪಾಸಿಟರ್ ಹಾಕುವುದು ತಪ್ಪಲ್ಲ. 7% ರಿಯಾಕ್ಟರ್ ಇದ್ದಾಗ 440ರದ್ದು ಹಾಕಿದರೆ ಬೇಗ ಹೋಗುತ್ತದೆ. ಹೆಸರಿಗೆ 150 ಅಂತ ಬರೆದು ನಿಜಕ್ಕೆ ಎಷ್ಟು ಕೊಡುತ್ತದೆ ಅಂತ ಹೇಳದೇ ಇರುವುದು ತಪ್ಪು.)

ಯಜಮಾನರ ಸ್ಲೈಡಿನಲ್ಲಿ ಆದ ತಪ್ಪೇ ಇಲ್ಲೂ ಆಗಿತ್ತು, ವೇಷ ಬೇರೆ. ಗೆಳೆಯ ಯಾವ ಲೆಕ್ಕವನ್ನಾದರೂ ಕಟ್ಟಿಕೊಳ್ಳುತ್ತಾನೆ ಅಂತ ಎಲ್ಲ ಬಿಟ್ಟಿದ್ದೆ. ಲೆಕ್ಕ ಕಟ್ಟಿಕೊಳ್ಳುತ್ತಾನೆ ನಿಜ. ಆದರೆ ಸಂಖ್ಯೆ ಯಾವ ಷರತ್ತಿನ ಮೇಲೆ ನಿಂತಿದೆ ಅನ್ನೋದನ್ನು ಯಾರೂ ತಲೆಯಿಂದ ಕಟ್ಟಿಕೊಳ್ಳೋಕೆ ಆಗಲ್ಲ. 440 ಅನ್ನೋದು ಕೊಟೇಶನ್ನಿನಲ್ಲಿತ್ತು, ಅವನ ತಲೆಯಲ್ಲಿ ಅಲ್ಲ. ಅವನು ಕೇಳಿದ, ಬದುಕಿದೆ. ಯಜಮಾನರು ಕೇಳುತ್ತಿರಲಿಲ್ಲ.

ಮತ್ತೆ ಹಾಳೆ ತೆಗೆದು ಒಂದು ಕೆಲಸ ಮಾಡಿದೆ. ಉಳಿದ ಸ್ಲೈಡುಗಳಲ್ಲಿದ್ದ ಪ್ರತಿ ಸಂಖ್ಯೆಯ ಕೆಳಗೂ ಗೆರೆ ಎಳೆದು "ಯಾವಾಗ? ಎಲ್ಲಿ? ಯಾವುದಕ್ಕೆ?" ಅಂತ ಕೇಳಿಕೊಂಡೆ. 300 ಕಿಲೋವ್ಯಾಟ್ ಅನ್ನೋದು ಬೆಳಗಿನ ಶಿಫ್ಟಿನ ಅಳತೆ. ರಾತ್ರಿ ಕಂಪ್ರೆಸರ್ ಮತ್ತು ನಾಲ್ಕು ಮೆಷಿನ್ ಬಿಟ್ಟರೆ ಏನೂ ಓಡುವುದಿಲ್ಲ. ಹಾಗಾದರೆ ಸಣ್ಣ ಸ್ಟೆಪ್ಪು 12.5 ಸಾಕಾ ಅನ್ನೋದು ಗೆಳೆಯನಿಗೆ ಬೇಕಾದ ವಿಷಯ, ದಾಬಸ್‌ಪೇಟೆಯಲ್ಲಿ ರಾತ್ರಿ ಲೋಡ್ ಇನ್ನೂ ಕಡಿಮೆ. ಹೀಗೆ ಎರಡು ಸ್ಲೈಡ್ ವಾಪಸ್ ಬಂದವು, ಒಟ್ಟು ಹನ್ನೊಂದು. ವೋಲ್ಟೇಜಿಗೆ ಬೇರೆ ಸ್ಲೈಡ್ ಬೇಕಾಗಲಿಲ್ಲ. "150 ಕೆವಿಎಆರ್ (440ರಲ್ಲಿ), 415ರಲ್ಲಿ 133" ಅಂತ ಇದ್ದ ಸಾಲಿಗೇ ಸೇರಿಸಿದೆ.

ಹುಡುಗನದ್ದು: ಕತ್ತರಿಸಲು ಹೋಗಿ ಬೆಳೆಸಿದೆ

ಹೊಸಬನಿಗೆ ಕಡಿಮೆ ಕೊಟ್ಟರೆ ಒಳ್ಳೇದು ಅಂತ ಎಂಟು ಸ್ಲೈಡ್ ಮಾಡಿದೆ. ಒಂದೊಂದು ಸ್ಲೈಡಿಗೆ ಒಂದು ವಿಷಯ, ತ್ರಿಕೋನದ ಚಿತ್ರ, ಸೂತ್ರ, ಕೆಪಾಸಿಟರ್ ಕಡಿಮೆಯಾದರೆ ಏನು, ಜಾಸ್ತಿಯಾದರೆ ಏನು. ಕೂರಿಸಿಕೊಂಡು ತೋರಿಸಿದೆ. "ಅರ್ಥ ಆಯ್ತಾ?" ಅಂದೆ. "ಆಯ್ತಣ್ಣ" ಅಂದ. ಈ ಪ್ರಶ್ನೆಗೆ ಬೇರೆ ಉತ್ತರ ಯಾವತ್ತಾದರೂ ಬಂದಿದೆಯಾ?

ಆಮೇಲೆ ಬೇರೆ ಥರ ಕೇಳಿದೆ. "ನಾಳೆ ಡಿಸ್ಪ್ಲೇನಲ್ಲಿ 0.88 ತೋರಿಸ್ತು ಅಂದ್ಕೋ. ಏನ್ ಮಾಡ್ತೀಯ?"

"ಒಂದು ಕೆಪಾಸಿಟರ್ ಆಫ್ ಮಾಡ್ತೀನಣ್ಣ. ಜಾಸ್ತಿ ಆಗಿರ್ಬೇಕು."

ತಿರುಗಾಮುರುಗಾ. ನೋಡಿದರೆ ತಪ್ಪು ನನ್ನದು. ಕೊನೇ ಸ್ಲೈಡಿನಲ್ಲಿ ಜಾಸ್ತಿ ಕೆಪಾಸಿಟರ್ ಹಾಕಿದರೂ ಪವರ್ ಫ್ಯಾಕ್ಟರ್ ಕೆಡುತ್ತದೆ ಅಂತ ಒಂದು ಸಾಲು ಬರೆದಿದ್ದೆ. ಗೆಳೆಯನಿಗೆ ಆ ಸಾಲು ಪೂರ್ತಿ ವಾಕ್ಯ. ಹುಡುಗನಿಗೆ ಅದು ಕೊನೆಗೆ ಕೇಳಿದ ಮಾತು, ಆದ್ದರಿಂದ ನೆನಪಲ್ಲಿ ಉಳಿದ ಮಾತು. ಎಂಟು ವಿಷಯಗಳನ್ನು ಒಂದೊಂದು ಸಾಲಿಗೆ ಇಳಿಸಿದ್ದೆ. ಅವನಿಗೆ ಬೇಕಿದ್ದದ್ದು ಎರಡೇ ವಿಷಯ, ಸಾಲುಗಳು ಎಷ್ಟಾದರೂ ಇರಲಿ.

ಹಾಗಾಗಿ ಇಲ್ಲಿ ಕತ್ತರಿಯ ದಿಕ್ಕು ಬದಲಾಯಿಸಿದೆ. ವಿಷಯಗಳನ್ನು ಕಿತ್ತೆ: ಹಾರ್ಮೋನಿಕ್ಕು, ರಿಯಾಕ್ಟರು, ಡಿಮ್ಯಾಂಡ್ ಚಾರ್ಜು, ಸೂತ್ರ, ಜಾಸ್ತಿಯಾದರೆ ಏನು ಅನ್ನೋದು, ಎಲ್ಲ ಹೊರಗೆ. ಉಳಿದದ್ದು ಆ ಹೋಗಿಬರುವ ಕರೆಂಟ್ ನಿಜವಾಗಿ ಇದೆ ಅನ್ನೋದು, ಮತ್ತೆ ದಿನಾ ಬೆಳಿಗ್ಗೆ ಏನು ನೋಡಬೇಕು ಅನ್ನೋದು. ಈ ಎರಡಕ್ಕೆ ಮಾತ್ರ ಒಂದು ಹೆಜ್ಜೆಯನ್ನೂ ಬಿಡಬಾರದು ಅಂತ ತೀರ್ಮಾನಿಸಿದೆ.

ಮೊದಲನೆಯದಕ್ಕೆ ತ್ರಿಕೋನ ಬಿಟ್ಟು ಮೋಟಾರಿನ ಹತ್ತಿರವೇ ಹೋದೆವು. ಒಂದು 15 ಎಚ್‌ಪಿ ಮೋಟಾರು, ಬೆಲ್ಟ್ ಬಿಚ್ಚಿ ಖಾಲಿ ಓಡಿಸಿದೆವು. ಕ್ಲ್ಯಾಂಪ್ ಮೀಟರ್ 8 ಆಂಪ್ ತೋರಿಸಿತು. "ಏನ್ ಕೆಲಸ ಮಾಡ್ತಾ ಇದೆ?" "ಏನೂ ಇಲ್ಲಣ್ಣ." "ಮತ್ತೆ 8 ಆಂಪ್ ಯಾಕೆ?" ಹುಡುಗ ಮೀಟರನ್ನು ಇನ್ನೊಮ್ಮೆ ನೋಡಿದ, ಕೆಟ್ಟಿರಬೇಕು ಅನ್ನೋ ಥರ. ಆಮೇಲೆ ಸ್ಟೋರಿನಲ್ಲಿದ್ದ 4 ಕೆವಿಎಆರಿನ ಒಂದು ಕೆಪಾಸಿಟರನ್ನು ಅದರದ್ದೇ ಸ್ವಿಚ್ಚು, ಫ್ಯೂಸು ಇಟ್ಟು ಸ್ಟಾರ್ಟರಿನ ಮುಂದೆ ಸೇರಿಸಿದೆ. ಈಗ ಲೈನಿನ ಕಡೆ ಕ್ಲ್ಯಾಂಪ್ ಹಾಕಿದರೆ 3ರ ಹತ್ತಿರ. ಮೋಟಾರಿನ ಕಡೆ ಹಾಕಿದರೆ ಇನ್ನೂ 8. ಆ ಎರಡನೇ 8 ನೋಡಿದಾಗ ಅವನ ಮುಖದಲ್ಲಿ ಏನೋ ಬದಲಾಯಿತು. ಮೋಟಾರಿಗೆ ಬೇಕಾದದ್ದು ಬೇಕೇ, ಬರುವ ಜಾಗ ಮಾತ್ರ ಬದಲಾಗಿದೆ ಅಂತ ನಾನು ಹೇಳುವ ಮುಂಚೆ ಅವನೇ ಅಂದ. ಪ್ರತಿ ಅಳತೆಯ ಫೋಟೋ ತೆಗೆದೆ, ಮೀಟರಿನ ಮುಖ ಮತ್ತು ಕ್ಲ್ಯಾಂಪ್ ಯಾವ ತಂತಿಯ ಮೇಲಿದೆ ಅನ್ನೋದು ಎರಡೂ ಕಾಣುವ ಹಾಗೆ. ಅದೇ ಏಳು ಸ್ಲೈಡ್ ಆಯಿತು.

ಎರಡನೆಯದರಲ್ಲಿ ದಿನದ ಕೆಲಸ. ಡಿಸ್ಪ್ಲೇ ನೋಡು, ಬರೆದುಕೋ. 0.95ಕ್ಕಿಂತ ಕಡಿಮೆ ಇದ್ದರೆ ಏನೂ ಮುಟ್ಟಬೇಡ, ನನ್ನನ್ನು ಕರೆ. ವಾರಕ್ಕೊಮ್ಮೆ, ನಾನಿದ್ದಾಗ ಮಾತ್ರ, ಪ್ರತಿ ಸ್ಟೆಪ್ಪಿನ ಆಂಪ್ ನೋಡು: 25ರದ್ದು ಸುಮಾರು 31, 12.5ರದ್ದು 15ರ ಆಸುಪಾಸು, ಮೂರು ಫೇಸೂ ಸಮ ಇರಬೇಕು. ಒಂದು ಫೇಸ್ ಸತ್ತಿದ್ದರೆ ಫ್ಯೂಸು, ಮೂರೂ ನಿಧಾನಕ್ಕೆ ಇಳಿಯುತ್ತಿದ್ದರೆ ಕೆಪಾಸಿಟರ್ ಸೊರಗುತ್ತಿದೆ. ಈ ಕೊನೇ ವಾಕ್ಯಕ್ಕೆ ಮಾತ್ರ ಮೂರು ಸ್ಲೈಡ್ ಬೇಕಾಯಿತು, ಒಂದು ಸರಿ ಇರುವ ಅಳತೆ, ಒಂದೊಂದು ಕೆಟ್ಟದ್ದು.

ಮತ್ತೆ ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರಿನಲ್ಲಿ ಕರೆಂಟ್ ಇರುತ್ತದೆ ಅನ್ನೋದು. ಮೂಲದಲ್ಲಿ ಇದು ಇರಲೇ ಇಲ್ಲ. ನನಗೂ ಗೆಳೆಯನಿಗೂ ಉಸಿರಾಡುವಷ್ಟು ಸಹಜ, ಬರೆಯಬೇಕು ಅಂತಲೇ ಹೊಳೆದಿರಲಿಲ್ಲ. ನಮ್ಮಲ್ಲಿನ ನಿಯಮ: ಆಫ್ ಮಾಡಿ ಐದು ನಿಮಿಷ ಕಾಯಬೇಕು, ಆಮೇಲೂ ಮೀಟರ್ ಇಟ್ಟು ನೋಡಿ ಕೈ ಹಾಕಬೇಕು. ಅದನ್ನು ಎರಡು ಕಡೆ ಹಾಕಿದೆ, ಮೊದಲ ಸ್ಲೈಡಿನಲ್ಲಿ ಒಮ್ಮೆ, ಅಳತೆಯ ಸ್ಲೈಡಿನ ಮುಂಚೆ ಇನ್ನೊಮ್ಮೆ. ಒಂದೇ ಮಾತು ಎರಡು ಸಲ ಬರಬಾರದು ಅನ್ನೋದು ಯಜಮಾನರ ಪಿಪಿಟಿಗೆ ಸರಿ.

ಒಟ್ಟು 19 ಸ್ಲೈಡ್. ಅದರಲ್ಲಿ ಹಳೆಯವು ಆರೇ, ಹದಿಮೂರು ಹೊಸವು. ಮೂರರಲ್ಲಿ ಜಾಸ್ತಿ ಹೊತ್ತು ಹಿಡಿದದ್ದು ಇದೇ, ಪೂರಾ ಎರಡು ದಿನ.

ಫೈಲಿನ ಗೋಳು

ಒಂದೇ ಫೈಲಿನಲ್ಲಿ ಮೂರನ್ನೂ ಇಡೋಣ ಅಂತ ಪವರ್‌ಪಾಯಿಂಟಿನ `Custom Slide Show` ಬಳಸಿದ್ದೆ. ಯಾವ ಸ್ಲೈಡ್ ಯಾರಿಗೆ ಅಂತ ಪಟ್ಟಿ ಮಾಡಿಟ್ಟರೆ ತೋರಿಸುವಾಗ ಅಷ್ಟೇ ಬರುತ್ತವೆ. ತೋರಿಸುವುದಕ್ಕೆ ಚೆನ್ನಾಗಿದೆ. ಕಳಿಸುವುದಕ್ಕೆ ಹುಷಾರಾಗಿರಬೇಕು. ಪಿಡಿಎಫ್ ಮಾಡುವಾಗ `Options` ಒಳಗೆ ಹೋಗಿ `Custom show` ಆರಿಸದಿದ್ದರೆ ಫೈಲಿನಲ್ಲಿರುವುದೆಲ್ಲ ಹೋಗುತ್ತದೆ. ಅಡಗಿಸಿಟ್ಟ ಸ್ಲೈಡೂ ಹೋಗುತ್ತದೆ, `Include hidden slides` ಟಿಕ್ ಆಗಿದ್ದರೆ. ಒಂದು ಸಲ ಹಾಗೆ ಆಗಿ ಗೆಳೆಯನಿಗೆ ಇಡೀ ಕಟ್ಟು ಹೋಯಿತು. ಅವನು "ಏನ್ ಗುರು, ಗ್ರಂಥ ಕಳ್ಸಿದ್ಯಾ" ಅಂದ.

ಯಜಮಾನರದ್ದು ಕೊನೆಗೆ ಬೇರೆ ಫೈಲೇ ಆಯಿತು. ಫೋನಿಗೆ ಅಂತ ಸ್ಲೈಡನ್ನು ಉದ್ದಕ್ಕೆ ನಿಲ್ಲಿಸಬೇಕಿತ್ತು, ಮತ್ತೆ ಒಂದು ಫೈಲಿನಲ್ಲಿ ಎಲ್ಲ ಸ್ಲೈಡಿಗೂ ಒಂದೇ ಅಳತೆ. ಉದ್ದ ಸ್ಲೈಡಿನ ಅಗಲ 7.5 ಇಂಚು, ಅದರಲ್ಲಿ 28ರ ಅಕ್ಷರ ಫೋನಿನಲ್ಲಿ 10ರ ಹಾಗೆ ಕಾಣುತ್ತದೆ. ಓದಬಹುದು.

ಫೈಲು ಎರಡಾದ ಮೇಲೆ ಸಂಖ್ಯೆಗಳು ಬೇರೆ ಬೇರೆ ಆಗುವ ಭಯ. ಎಕ್ಸೆಲ್ ಶೀಟಿಗೆ ಕೊಂಡಿ ಹಾಕಿ ನೋಡಿದೆ, ಫೋಲ್ಡರ್ ಬದಲಾದ ಕೂಡಲೇ ಹರಿದುಹೋಯಿತು. ಬಿಟ್ಟೆ. ಈಗ ಒಂದು ಹಾಳೆಯಲ್ಲಿ ಒಂಬತ್ತು ಸಂಖ್ಯೆ, ಪ್ರತಿಯೊಂದರ ಪಕ್ಕ ಅದು ಎಲ್ಲೆಲ್ಲಿ ಬರುತ್ತದೆ ಅಂತ ಸ್ಲೈಡ್ ನಂಬರು. ಏನಾದರೂ ಬದಲಾದರೆ ಕೈಯಲ್ಲೇ ಟಿಕ್ ಹಾಕುತ್ತಾ ಹೋಗುತ್ತೇನೆ.

ಈಗಿನ ಸ್ಥಿತಿ

ಯಜಮಾನರು ಕಾರಿನಿಂದಲೇ ಉತ್ತರ ಕಳಿಸಿದರು: "ಮೆಷಿನ್ ಬಗ್ಗೆ ಸೋಮವಾರ ಹೇಳ್ತೀನಿ. ಪ್ಯಾನೆಲ್ ಆರ್ಡರ್ ಮಾಡಿ." ಸೋಮವಾರ ಒಂದೇ ಮೆಷಿನ್ ಅಂದರು, ಅದೂ ಸಣ್ಣದು, ಡಿಮ್ಯಾಂಡ್ ಅರ್ಜಿಗೆ ಸಹಿ ಹಾಕಿದರು. ದುಬಾರಿ ಕೊಟೇಶನ್ನಿಗೇ ಆರ್ಡರ್ ಹೋಯಿತು.

ಪ್ಯಾನೆಲ್ ಕೂತ ಮೇಲಿನ ಮೊದಲ ಬಿಲ್ಲಿನಲ್ಲಿ 0.96 ಬಂದಿದೆ, ದಂಡದ ಸಾಲು ಹೋಗಿದೆ. ಡಿಮ್ಯಾಂಡು ಇನ್ನೂ 340ಕ್ಕೇ ಬಿಲ್ಲಾಗಿದೆ, ಅರ್ಜಿ ಮುಂದೆ ಹೋಗುತ್ತಾ ಇದೆ. ಮೇಡಂ ಬಿಲ್ಲು ಹಿಡಿದುಕೊಂಡು ಬಂದು "ಹತ್ತಾ ಹದಿಮೂರಾ?" ಅಂತ ಕೇಳಿದರು. ಸದ್ಯಕ್ಕೆ ಹದಿಮೂರು.

ಹುಡುಗ ನಿನ್ನೆ ತನ್ನ ಪಿಪಿಟಿಗೆ ಒಂದು ಸ್ಲೈಡ್ ಸೇರಿಸಿದ್ದಾನೆ, ನನ್ನನ್ನು ಕೇಳದೇ. ಪ್ಯಾನೆಲ್ಲಿನ ಬಾಗಿಲಿನ ಫೋಟೋ, ಅದರ ಮೇಲೆ ಬಾಣ, "ಬೀಗದ ಕೈ ಅಣ್ಣನ ಡ್ರಾಯರಿನಲ್ಲಿ."

ಅದು ಇಪ್ಪತ್ತನೆಯದು.